ಕಡುಬು ಎಷ್ಟು, ತುಂಡು ಎಷ್ಟು: ಆ್ಯಪ್‌ನ ವಿವರಣೆಯಲ್ಲಿ ಅಳತೆ ಬರೆಯುವ ಬಗೆ

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆಯಿಂದಲೇ ಕ್ಲೌಡ್ ಕಿಚನ್ ಶುರು ಮಾಡಿದ್ದೇವೆ. ರುಚಿ ಚೆನ್ನಾಗಿದೆ ಅಂತಾರೆ, ಆದರೆ ‘ಕಮ್ಮಿ ಇತ್ತು’ ಅಂತ ರೇಟಿಂಗ್ ಇಳಿಸ್ತಾರೆ. ಆ್ಯಪ್‌ನಲ್ಲಿ ತಿಂಡಿ-ಊಟದ ವಿವರಣೆ ಹೇಗೆ ಬರೆಯಬೇಕು?

ಗೋಪಾಳದಲ್ಲಿ ನಾನು ನಡೆಸುವ ಅಡುಗೆಮನೆಯಲ್ಲಿಯೂ ಆರಂಭದಲ್ಲಿ ಇದೇ ದೂರು ಇತ್ತು. ಕಡುಬು ಮತ್ತು ಕೋಳಿ ಸಾರಿಗೆ ನಾನು ಬರೆದಿದ್ದ ವಿವರಣೆ ಹೀಗಿತ್ತು: ‘ಅಪ್ಪಟ ಮಲೆನಾಡಿನ ರುಚಿ, ಅಜ್ಜಿಯ ಕೈಯಡುಗೆಯ ನೆನಪು ತರುವ ಬಿಸಿ ಬಿಸಿ ಕಡುಬು, ಖಾರವಾದ ಕೋಳಿ ಸಾರಿನ ಜೊತೆ.’ ಒಬ್ಬ ಗ್ರಾಹಕರು ಇದನ್ನು ನೋಡಿ ಇಬ್ಬರ ರಾತ್ರಿ ಊಟಕ್ಕೆಂದು ಒಂದೇ ಪ್ಯಾಕ್ ತರಿಸಿಕೊಂಡು, ಡಬ್ಬಿ ತೆರೆದ ಮೇಲೆ ಫೋನ್ ಮಾಡಿ, ‘ಎಷ್ಟು ಕಡುಬು ಬರುತ್ತದೆಂದು ಎಲ್ಲಿ ಬರೆದಿದ್ದೀರಿ ಹೇಳಿ’ ಎಂದು ಕೇಳಿದರು. ಎಲ್ಲಿಯೂ ಬರೆದಿರಲಿಲ್ಲ. ಫೋಟೊದಲ್ಲಿ ಮಾತ್ರ ಎಂಟು ಕಡುಬು ಕಾಣುತ್ತಿದ್ದವು, ಪ್ಯಾಕಿನಲ್ಲಿ ಐದು ಇದ್ದವು.

ಆದ್ದರಿಂದ ಬರೆಯುವುದಕ್ಕೆ ಮೊದಲು ತೂಗಿ ನೋಡಬೇಕು. ಪರೀಕ್ಷೆಗೆಂದು ಪ್ರತ್ಯೇಕವಾಗಿ ಒಂದು ಡಬ್ಬಿ ತುಂಬಿ ತೂಗಿದರೆ ಪ್ರಯೋಜನವಿಲ್ಲ, ಏಕೆಂದರೆ ತೂಗುತ್ತೇವೆಂದು ಗೊತ್ತಿರುವ ದಿನ ಎಲ್ಲರ ಕೈಯೂ ಧಾರಾಳವಾಗಿರುತ್ತದೆ. ನಾನು ಒಂದು ಭಾನುವಾರ ಮಧ್ಯಾಹ್ನದ ಗಡಿಬಿಡಿಯಲ್ಲಿ, ಹೋಗಲು ಸಿದ್ಧವಾಗಿದ್ದ ಹತ್ತು ಡಬ್ಬಿಗಳಿಂದ ಕೋಳಿಯ ತುಂಡುಗಳನ್ನು ಮಾತ್ರ ಶುಚಿಯಾದ ಜಾಲರಿ ಸೌಟಿನಿಂದ ಎತ್ತಿ, ಸಾರು ಇಳಿದ ಮೇಲೆ ತೂಗಿದೆ. ಎಲ್ಲದರಲ್ಲಿಯೂ ನಾಲ್ಕೇ ತುಂಡು ಇದ್ದರೂ ತೂಕ 128 ಗ್ರಾಂನಿಂದ 162 ಗ್ರಾಂವರೆಗೆ ಏರಿಳಿಯಿತು; ರೆಕ್ಕೆ ಮತ್ತು ಕುತ್ತಿಗೆ ಬಿದ್ದ ಡಬ್ಬಿ ಹಗುರವಾಗಿತ್ತು, ತೊಡೆ ಬಿದ್ದದ್ದು ಭಾರವಾಗಿತ್ತು. ಇಲ್ಲಿ ಸರಾಸರಿಯನ್ನು ಬರೆಯುವ ಮನಸ್ಸಾಗುತ್ತದೆ, ಆದರೆ ಹಾಗೆ ಬರೆದರೆ ಹೆಚ್ಚುಕಡಿಮೆ ಅರ್ಧದಷ್ಟು ಗ್ರಾಹಕರಿಗೆ ಬರೆದದ್ದಕ್ಕಿಂತ ಕಡಿಮೆ ಸಿಗುತ್ತದೆ. ನಾನು ‘ಕನಿಷ್ಠ 125 ಗ್ರಾಂ’ ಎಂದು ಬರೆದೆ. ಇದು ಬೆಂದ ಮೇಲಿನ, ಮೂಳೆ ಸಹಿತ ತೂಕವೆಂಬುದನ್ನೂ ಹೇಳಲೇಬೇಕು. ಹಸಿಯಾಗಿ 180 ಗ್ರಾಂ ಇದ್ದ ನಾಲ್ಕು ತುಂಡು ಬೆಂದಾಗ ಸುಮಾರು ಕಾಲು ಭಾಗ ತೂಕ ಕಳೆದುಕೊಳ್ಳುವುದರಿಂದ, ಹಸಿ ತೂಕವನ್ನು ಬರೆದವರು ತಿಳಿಯದೆಯೇ ಸುಳ್ಳು ಹೇಳಿದಂತಾಗುತ್ತದೆ.

ಸಾರಿನ ವಿಷಯದಲ್ಲಿ ಡಬ್ಬಿಯ ಅಳತೆಯನ್ನು ಸಾರಿನ ಅಳತೆಯೆಂದು ತಿಳಿಯುವುದೇ ಸಾಮಾನ್ಯ ತಪ್ಪು. 500 ಎಂಎಲ್ ಡಬ್ಬಿಯೊಳಗೆ ತುಂಡುಗಳೂ ಇರುತ್ತವೆ, ಮುಚ್ಚಳದ ಕೆಳಗೆ ಚೆಲ್ಲದಂತೆ ಜಾಗವನ್ನೂ ಬಿಡುತ್ತೇವೆ. ನಮ್ಮ ಸೌಟಿಗೆ ನೀರು ತುಂಬಿ ಅಳೆದಾಗ 120 ಎಂಎಲ್ ಹಿಡಿಯಿತು, ಎರಡು ಸೌಟಿಗೆ 240. ಅದನ್ನೇ ಬರೆದೆ, ಅಂದಿನಿಂದ ಸೌಟನ್ನು ಬದಲಾಯಿಸಿಲ್ಲ.

ಕಡುಬಿಗೆ ಮಾತ್ರ ಗ್ರಾಂ ಲೆಕ್ಕ ಯಾರಿಗೂ ಬೇಡ. ನಮ್ಮ ಕಡೆಯವರು ‘ನಾಲ್ಕು ತಿಂದೆ, ಐದು ತಿಂದೆ’ ಎಂದೇ ಹೇಳುತ್ತಾರೆ, ಹಾಗಾಗಿ ಎಣಿಕೆಯೇ ಸ್ಪಷ್ಟ. ಆದರೆ ಉಂಡೆ ಕಟ್ಟುವ ಕೈ ಬದಲಾದರೆ ಗಾತ್ರವೂ ಬದಲಾಗುತ್ತದೆಯಾದ್ದರಿಂದ, ಹಬೆಗೆ ಇಡುವ ಮೊದಲು ಒಂದೆರಡನ್ನು ತೂಗಿ 60 ಗ್ರಾಂ ಆಸುಪಾಸಿನಲ್ಲಿದೆಯೇ ಎಂದು ನೋಡುತ್ತೇವೆ.

ಈಗ ನಮ್ಮ ವಿವರಣೆ ಹೀಗಿದೆ:

‘5 ಅಕ್ಕಿ ಕಡುಬು, 4 ತುಂಡು ಕೋಳಿ (ಬೆಂದ ಮೇಲೆ ಮೂಳೆ ಸಹಿತ ಕನಿಷ್ಠ 125 ಗ್ರಾಂ), 240 ಎಂಎಲ್ ಸಾರು. ಒಬ್ಬರ ಊಟಕ್ಕೆ. ಫಾರಂ ಕೋಳಿ, ತೆಂಗಿನಕಾಯಿ ಮಸಾಲೆ, ಖಾರ ಹೆಚ್ಚು. ಅನ್ನ ಇರುವುದಿಲ್ಲ.’

ಎಣಿಕೆಯನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಫೋನಿನ ಪರದೆಯಲ್ಲಿ ಸಾಮಾನ್ಯವಾಗಿ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸುತ್ತದೆ, ಉಳಿದದ್ದನ್ನು ಒತ್ತಿ ತೆರೆದರೆ ಮಾತ್ರ ಓದಬಹುದು. ಅಜ್ಜಿಯ ಕೈಯಡುಗೆ ಆ ಸಾಲುಗಳನ್ನು ಆಕ್ರಮಿಸಿಕೊಂಡರೆ ಅಳತೆ ಕಣ್ಣಿಗೆ ಬೀಳುವುದೇ ಇಲ್ಲ. ‘ಅನ್ನ ಇರುವುದಿಲ್ಲ’ ಎಂಬುದು ಒರಟಾಗಿ ಕೇಳಿಸಬಹುದು, ಆದರೆ ಸಾರು ಎಂದಾಕ್ಷಣ ಅನ್ನವೂ ಬರುತ್ತದೆಂದು ಭಾವಿಸುವವರು ಇದ್ದೇ ಇರುತ್ತಾರೆ. ನಾಟಿ ಕೋಳಿ ಎಂದು ಬರೆಯುವುದಾದರೆ, ಅದು ಸಿಗದ ದಿನ ಫಾರಂ ಕೋಳಿ ಹಾಕಿ ಸುಧಾರಿಸದೆ, ಆ ಐಟಂ ಅನ್ನೇ ಆ್ಯಪ್‌ನಲ್ಲಿ ಆಫ್ ಮಾಡಿ.

‘ಹಾಫ್’, ‘ಫುಲ್’ ಎಂಬ ಪದಗಳನ್ನು ನಾನು ಬಿಟ್ಟೇಬಿಟ್ಟೆ, ಏಕೆಂದರೆ ಅವುಗಳ ಅರ್ಥ ಹೋಟೆಲಿನಿಂದ ಹೋಟೆಲಿಗೆ ಬೇರೆ. ನಮ್ಮಲ್ಲಿ ಎರಡು ಆಯ್ಕೆಗಳ ಹೆಸರೇ ‘5 ಕಡುಬು, 4 ತುಂಡು’ ಮತ್ತು ‘10 ಕಡುಬು, 8 ತುಂಡು’ ಎಂದಿದೆ. ಫೋಟೊವನ್ನೂ ಮತ್ತೆ ತೆಗೆದೆವು, ಗ್ರಾಹಕರಿಗೆ ಹೋಗುವ ಅದೇ ಡಬ್ಬಿಯಲ್ಲಿ, ಐದೇ ಕಡುಬು ಇಟ್ಟು.