ಪ್ಲೈವುಡ್ ಚದರಡಿ ಲೆಕ್ಕದಲ್ಲಿ ಸಿಗಲ್ಲ

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಸಣ್ಣ ಇಂಟೀರಿಯರ್ ಸಂಸ್ಥೆ. ಕೋಣೆಯ ಅಳತೆ, ಮೆಟೀರಿಯಲ್ ಹಾಕಿದರೆ ಅಂದಾಜು ವೆಚ್ಚ ತೋರಿಸುವ ಕ್ಯಾಲ್ಕ್ಯುಲೇಟರ್ ಮಾಡಿಸಿದ್ದೇವೆ. ಆದರೆ ಪ್ಲೈವುಡ್ ಖರ್ಚು ಪ್ರತಿ ಸಲ ಅದಕ್ಕಿಂತ ಜಾಸ್ತಿ ಆಗುತ್ತಿದೆ. ಯಾಕೆ?

ಇದೇ ಪ್ರಶ್ನೆ ಎಷ್ಟು ಸಲ ಬಂತೋ! ನೆಲದ ಚದರಡಿಗೆ ರೇಟು ಗುಣಿಸುವುದು ಟೈಲ್ಸ್‌ಗೆ ಸರಿ, ಬೀರುವಿಗಲ್ಲ. ಬೀರುವಿನ ತುಂಡುಗಳ ಚದರಡಿ ಕೂಡಿಸಿದರೂ ತಪ್ಪುತ್ತದೆ. ಅಂಗಡಿಯವರು ಕೊಡುವುದು 8x4 ಅಡಿಯ ಇಡೀ ಶೀಟು ಅಲ್ವಾ?

7 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಮೂರು ಬಾಗಿಲಿನ ಬೀರು ತೆಗೆದುಕೊಳ್ಳಿ. ಹಿಂದಿನ ತೆಳು ಹಲಗೆ ಬಿಟ್ಟುಬಿಡಿ. ನಿಲ್ಲಿಸುವ ಹಲಗೆ ನಾಲ್ಕು, ಮೇಲೆ ಕೆಳಗೆ ಒಂದೊಂದು, ಒಳಗೆ 12 ಶೆಲ್ಫ್, ಮತ್ತೆ ಬಾಗಿಲು. ಒಟ್ಟು ಸುಮಾರು 189 ಚದರಡಿ. 32ರಿಂದ ಭಾಗಿಸಿ ನಿಮ್ಮ ಕ್ಯಾಲ್ಕ್ಯುಲೇಟರ್ 6 ಶೀಟು ಅನ್ನುತ್ತದೆ.

ಈಗ ಆಚಾರಿಯ ಹಾಗೆ ಕತ್ತರಿಸಿ ನೋಡಿ. ನಿಲ್ಲಿಸುವ ಹಲಗೆಗೆ 2 ಶೀಟು, ಮೇಲೆ ಕೆಳಗಿನದಕ್ಕೆ 1, ಶೆಲ್ಫ್‌ಗಳಿಗೆ 2. ಬಾಗಿಲು ಒಂದೊಂದೂ 28 ಇಂಚು ಅಗಲ. 48 ಇಂಚಿನ ಶೀಟಿನಲ್ಲಿ ಒಂದೇ ಬಾಗಿಲು ಬರುತ್ತದೆ, ಅಂದರೆ 3 ಶೀಟು. ಒಟ್ಟು 8! ಉಳಿದ 20 ಇಂಚಿನ ಪಟ್ಟಿಯಲ್ಲಿ ಜಾಣ ಆಚಾರಿ ಸ್ವಲ್ಪ ಕಿರಿದಾದ ಶೆಲ್ಫ್ ಮಾಡಿಯಾನು. ಅದನ್ನು ನಂಬಿ ಕೊಟೇಶನ್ ಕೊಡಬೇಡಿ.

ಅದೇ ಬೀರುವಿಗೆ ನಾಲ್ಕು ಬಾಗಿಲು ಇಟ್ಟರೆ ಒಂದೊಂದೂ 21 ಇಂಚು. ಶೀಟಿಗೆ ಎರಡು ಬರುತ್ತವೆ, ಎರಡೇ ಶೀಟು ಸಾಕು. ಹಿಂಜ್ ಜಾಸ್ತಿ ಬೇಕು, ಒಂದು ಶೀಟು ಉಳಿಯುತ್ತದೆ. ಕೋಣೆ ಅದೇ, ಖರ್ಚು ಬೇರೆ. ಹಾಗಾಗಿ ಕೋಣೆಯ ಅಳತೆಯ ಜೊತೆಗೆ ಬಾಗಿಲ ಸಂಖ್ಯೆಯನ್ನೂ ಕೇಳಿ. ಎಕ್ಸೆಲ್‌ನ B2ರಲ್ಲಿ ಬಾಗಿಲ ಸಂಖ್ಯೆ, B3ರಲ್ಲಿ ಒಂದರ ಅಗಲ ಇಂಚಿನಲ್ಲಿ:

```
=ROUNDUP(B2/INT(48/B3),0)
```

ಇದು 8 ಅಡಿ ಎತ್ತರದವರೆಗಿನ ಬಾಗಿಲಿಗೆ ಮಾತ್ರ. ಉಳಿದ ತುಂಡುಗಳಿಗೂ ಹೀಗೇ ಬೇರೆ ಬೇರೆ ಎಣಿಸಿ, ಕೊನೆಗೆ ಕೂಡಿಸಿ. "ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸಿದರೆ ಸಾಕು" ಅನ್ನುವವರನ್ನು ನಂಬಬೇಡಿ. ಮೇಲಿನ ಲೆಕ್ಕದಲ್ಲಿ ಅದು ಏಳು ಶೀಟಿಗೇ ನಿಲ್ಲುತ್ತದೆ, ಎಂಟನೆಯದು ನಿಮ್ಮ ಜೇಬಿನಿಂದ.

ಪ್ರಶ್ನೆ: ಪಟ್ಟಿಯಲ್ಲಿ "ವಾಟರ್‌ಪ್ರೂಫ್ ಪ್ಲೈ" ಅಂತ ಬರೆದರೆ ಸಾಕಲ್ವಾ? ತುಂಡೊಂದನ್ನು ರಾತ್ರಿಯಿಡೀ ನೀರಲ್ಲಿಟ್ಟು ನೋಡಿದ್ದೇನೆ.

ಸಾಲದು. ಮರೀನ್ ಪ್ಲೈವುಡ್‌ನ ಭಾರತೀಯ ಮಾನದಂಡವಾದ IS 710 ಅಂತ ಬರೆಯಿರಿ. ಆ ದರ್ಜೆಯ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ನೋಡುತ್ತಾರೆ. ರಾತ್ರಿ ನೆನೆಸುವುದು ಉದ್ದಿನಬೇಳೆಗೆ.

ಪ್ರಶ್ನೆ: ಸಿಂಕ್ ಕೆಳಗೆ ಎಂಡಿಎಫ್ ಹಾಕಿದರೆ ಅಂದಾಜು ಕಡಿಮೆ ಬರುತ್ತದೆ. ಹಾಕಬಹುದಾ?

ಬೇಡ. ನಮ್ಮ ಊರಿನ ಮಳೆಗಾಲಕ್ಕೆ ಅದು ಊದಿಕೊಳ್ಳುತ್ತದೆ. ಆ ಆಯ್ಕೆಯನ್ನೇ ಕ್ಯಾಲ್ಕ್ಯುಲೇಟರ್‌ನಿಂದ ತೆಗೆದುಹಾಕಿ.