10 ಮಿಲಿಯೂ 10 ಮಿಲಿಯೂ ಒಂದೇ ಅಲ್ಲ

"ಸರ್, ಲೇಖನ ಕಳಿಸಿದ್ದೇನೆ. ರಕ್ತಹೀನತೆ, ಕಾರ್ಬನ್ ಮಾನಾಕ್ಸೈಡ್, ಸೈನೈಡ್, ಮೂರರಲ್ಲೂ ರಕ್ತದ ಆಮ್ಲಜನಕ ಅರ್ಧಕ್ಕಿಳಿಯುತ್ತದೆ, ಪರಿಣಾಮ ಒಂದೇ ಎಂದು ತೋರಿಸಿದ್ದೇನೆ. ಪ್ರಕಟಿಸಬಹುದೇ?" (ಶಿಡ್ಲಘಟ್ಟದಿಂದ)

ಹುಳು ಸಾಕುವ ಮನೆಯಲ್ಲಿ ಚಳಿಗೆ ಇದ್ದಿಲು ಹಾಕಿ, ಬಾಗಿಲು ಮುಚ್ಚಿ ಮಲಗಿ, ಅದರಿಂದ ಬಂದ ಕಾರ್ಬನ್ ಮಾನಾಕ್ಸೈಡ್‌ಗೆ ಸಿಕ್ಕ ಹುಡುಗನ ಚಿತ್ರ ಚೆನ್ನಾಗಿ ಬಂದಿದೆ. ಆದರೆ "ಪರಿಣಾಮ ಒಂದೇ" ಎಂಬ ಎರಡು ಪದ ನನ್ನನ್ನು ತುಂಬ ಕಾಡಿದವು.

ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಆರೋಗ್ಯವಂತರ ಅಪಧಮನಿಯ 100 ಮಿಲಿ ರಕ್ತದಲ್ಲಿ ಸುಮಾರು 20 ಮಿಲಿ ಆಮ್ಲಜನಕ ಇರುತ್ತದೆ. ಹಿಮೋಗ್ಲೋಬಿನ್ 15 ಗ್ರಾಂನಿಂದ 7.5ಕ್ಕೆ ಇಳಿದರೆ ಅದು 10 ಮಿಲಿ. ಹಿಮೋಗ್ಲೋಬಿನ್ 15 ಗ್ರಾಂ ಇದ್ದು, ಅದರ ಅರ್ಧ ಜಾಗವನ್ನು ಕಾರ್ಬನ್ ಮಾನಾಕ್ಸೈಡ್ ಹಿಡಿದರೂ 10 ಮಿಲಿಯೇ. ಹೃದಯ ಅಷ್ಟೇ ರಕ್ತ ತಳ್ಳಿದರೆ ಅಂಗಾಂಶಕ್ಕೆ ತಲುಪುವುದೂ ಅಷ್ಟೇ. ಇಲ್ಲಿಯವರೆಗೆ ನೀವು ಸರಿ.

ಮುಂದಿನ ಸಾಲಲ್ಲಿ ಎಡವಿದ್ದೀರಿ. ಅಂಗಾಂಶ ತನಗೆ ಬೇಕಾದ 5 ಮಿಲಿ ತೆಗೆದುಕೊಂಡಾಗ ಇಬ್ಬರಲ್ಲೂ 5 ಮಿಲಿ ಉಳಿಯುತ್ತದೆ. ರಕ್ತಹೀನತೆಯಲ್ಲಿ ಅಷ್ಟನ್ನು ಬಿಟ್ಟುಕೊಡುವಾಗ ಆಮ್ಲಜನಕವನ್ನು ಜೀವಕೋಶದತ್ತ ತಳ್ಳುವ ಒತ್ತಡ ಪಾದರಸದ ಸುಮಾರು 27 ಮಿಮೀಗೆ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್‌ನಲ್ಲಿ ಅದು 13ರ ಆಸುಪಾಸಿಗೆ ಬೀಳಬೇಕು. ಯಾಕೆ? ಒಂದು ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಜಾಗ. ಒಂದೆರಡನ್ನು ಆ ಅನಿಲ ಹಿಡಿದರೆ ಉಳಿದ ಜಾಗಗಳು ತಮ್ಮ ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅದಕ್ಕೇ ನಿಧಾನವಾಗಿ ರಕ್ತ ಕಡಿಮೆಯಾದ ಹೆಂಗಸು 7.5 ಗ್ರಾಂನಲ್ಲೂ ಸೊಪ್ಪು ಹೊರಬಲ್ಲಳು, ಆ ಹುಡುಗ ಏಳಲಾರ.

ಬೆರಳಿನ ಮೀಟರ್ ಅವನಿಗೆ 98 ತೋರಿಸಿತು ಎಂದು ಬರೆದಿದ್ದೀರಿ. ಅದು ನಿಜ. ಆ ಮೀಟರ್‌ಗೆ ಅನಿಲ ಹಿಡಿದ ಹಿಮೋಗ್ಲೋಬಿನ್ನೂ ಆಮ್ಲಜನಕ ಹಿಡಿದದ್ದರಂತೆಯೇ ಕಾಣುತ್ತದೆ. ಅದನ್ನು ಹೇಳದೆ ಬಿಟ್ಟರೆ ಓದುವವರು ನೆಮ್ಮದಿಯಾಗಿ ಕೂತುಬಿಡುತ್ತಾರೆ, ಅಲ್ವಾ?

ಇನ್ನು ಸೈನೈಡ್. ಇಲ್ಲಿ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ನನ್ನ ಹಳೆಯ ದಿನಗಳು ನೆನಪಾದವು. ಕೋಲಾರದಲ್ಲಿ ಕರಡು ತಿದ್ದುತ್ತಾ ಬರೆಯುವುದನ್ನು ಕಲಿಯುತ್ತಿದ್ದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಬಗ್ಗೆ ಒಂದು ಕಿರುಬರಹ ಕೊಟ್ಟಿದ್ದೆ. "ವಿಷ ಹತ್ತಿದವರ ರಕ್ತದಲ್ಲಿ ಆಮ್ಲಜನಕ ಇರುವುದಿಲ್ಲ" ಎಂದಿದ್ದೆ. ಹಿರಿಯರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದರು: "ಹಾಗಾದರೆ ಅದು ಎಲ್ಲಿಗೆ ಹೋಯಿತು?" ಎರಡು ದಿನ ಅದನ್ನೇ ಯೋಚಿಸಿದೆ.

ಎಲ್ಲಿಗೂ ಹೋಗಿರಲಿಲ್ಲ. ಅಪಧಮನಿಯಲ್ಲಿ ಪೂರ್ತಿ 20 ಮಿಲಿ ಇರುತ್ತದೆ, ಜೀವಕೋಶದ ಬಾಗಿಲಿಗೂ ತಲುಪುತ್ತದೆ. ಒಳಗೆ ಆಮ್ಲಜನಕವನ್ನು ಬಳಸುವ ಕೊನೆಯ ಕಿಣ್ವ ಸೈಟೋಕ್ರೋಮ್ ಆಕ್ಸಿಡೇಸ್. ಅದರ ಕಬ್ಬಿಣಕ್ಕೆ ಸೈನೈಡ್ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ತೆಗೆದುಕೊಳ್ಳುವವರೇ ಇಲ್ಲದ್ದರಿಂದ ಸಾಮಾನ್ಯವಾಗಿ 15 ಮಿಲಿಯೊಂದಿಗೆ ಮರಳುವ ಸಿರೆಯ ರಕ್ತ ಈಗ ಅದಕ್ಕಿಂತ ಜಾಸ್ತಿ ಹೊತ್ತು, ಕೆಂಪಾಗಿಯೇ ಮರಳುತ್ತದೆ. ಜೀವಕೋಶ ಆಮ್ಲಜನಕವಿಲ್ಲದೆ ನಡೆಸುವ ಕೆಲಸಕ್ಕೆ ಇಳಿಯುವುದರಿಂದ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ.

ಹಾಗಾಗಿ ಮೂವರ ಅಪಧಮನಿಯ ಪಕ್ಕದಲ್ಲೇ ಸಿರೆಯ ರಕ್ತದ ಲೆಕ್ಕವನ್ನೂ ಬರೆಯಿರಿ. ಹುಡುಗನ ಕಥೆ ಹಾಗೇ ಇರಲಿ. ತಿದ್ದಿದ ಪ್ರತಿಯನ್ನು ಬರುವ ಸೋಮವಾರದೊಳಗೆ ಕಳಿಸಿ, ನಾನೇ ಕೂತು ಓದುತ್ತೇನೆ.