ಊರಿನ ಕಿತ್ತಳೆ ಬೆಳಕು ಹೋಗಲಿ, ನಕ್ಷತ್ರ ಉಳಿಯಲಿ

ಪ್ರಶ್ನೆ: ಏಪ್ರಿಲ್ ಕೊನೆಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಒಂದು ಬೆಟ್ಟದಿಂದ ಬೆಳಗಿನ ಜಾವ ಆಕಾಶಗಂಗೆಯ ಫೋಟೋ ತೆಗೆದೆ. 14 ಎಂಎಂ ಲೆನ್ಸ್, ಎಫ್ 2.8, 20 ಸೆಕೆಂಡ್, ಐಎಸ್‌ಒ 3200. ಬೆಂಗಳೂರಿನ ಕಡೆ ಪೂರ್ತಿ ಕಿತ್ತಳೆ ಬಣ್ಣ ಬಂದಿದೆ. ಕರ್ವ್ಸ್ ಎಳೆದರೆ ಅದರ ಸುತ್ತ ಪಟ್ಟೆ ಪಟ್ಟೆ ಕಾಣುತ್ತೆ. ನಾಯ್ಸ್ ರಿಡಕ್ಷನ್ ಹಾಕಿದರೆ ಪಟ್ಟೆ ಹೋಗಲ್ಲ, ಸಣ್ಣ ನಕ್ಷತ್ರಗಳು ಮಾತ್ರ ಮಾಯ. ಎಡಿಟ್ ಮಾಡಿದ್ದು ಜೆಪಿಇಜಿಯಲ್ಲಿ, ರಾ ಫೈಲ್ ಕೂಡ ಇದೆ. ಏನು ಮಾಡಲಿ?

ಉತ್ತರ: ರಾ ಫೈಲ್ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ಈ ಪಟ್ಟೆಗಳನ್ನು ಮರೆಮಾಚಬಹುದಿತ್ತು ಅಷ್ಟೇ, ತೆಗೆಯಲು ಆಗುತ್ತಿರಲಿಲ್ಲ.

ಪಟ್ಟೆ ಎಲ್ಲಿಂದ ಬಂತು ನೋಡಿ. ಜೆಪಿಇಜಿಯಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು. ನಿಮ್ಮ ಚಿತ್ರದಲ್ಲಿ ದಿಗಂತದ ಹತ್ತಿರ ಕೆಂಪಿನ ಮಟ್ಟ 90 ಇದ್ದು, ಮೇಲೆ ಹೋಗುತ್ತಾ 40ಕ್ಕೆ ಇಳಿಯುತ್ತದೆ ಅಂದುಕೊಳ್ಳಿ. ನಡುವೆ ಇರುವುದು 50 ಮೆಟ್ಟಿಲು, ಅದು ಹರಡಿಕೊಂಡಿರುವುದು ಸುಮಾರು 2,000 ಪಿಕ್ಸೆಲ್ ಎತ್ತರಕ್ಕೆ. ಅಂದರೆ ಒಂದೊಂದು ಮೆಟ್ಟಿಲೂ 40 ಪಿಕ್ಸೆಲ್ ಅಗಲ. ಕರ್ವ್ಸ್‌ನಲ್ಲಿ ನಾಲ್ಕು ಪಟ್ಟು ಎಳೆದ ಕೂಡಲೇ ಪಕ್ಕಪಕ್ಕದ ಮೆಟ್ಟಿಲುಗಳ ನಡುವೆ ನಾಲ್ಕು ಮಟ್ಟದ ಅಂತರ ಬರುತ್ತದೆ, ಕಣ್ಣಿಗೆ ಪಟ್ಟೆ ಕಾಣುತ್ತದೆ. 14 ಬಿಟ್ ರಾ ಫೈಲಿನಲ್ಲಿ 16,384 ಮೆಟ್ಟಿಲು ಇರುತ್ತವೆ. ಜೊತೆಗೆ ಅದರ ಸಹಜ ಕಾಳುಕಾಳು ನಾಯ್ಸ್ ಮೆಟ್ಟಿಲುಗಳ ಅಂಚನ್ನು ಕಲಸಿ ಮರೆಸುತ್ತದೆ. ನೀವು ನಾಯ್ಸ್ ರಿಡಕ್ಷನ್ ಹಾಕಿದಾಗ ಆ ಕಾಳೂ ಹೋಯಿತು, ಕಾಳಿನಷ್ಟೇ ಸಣ್ಣದಾದ ನಕ್ಷತ್ರಗಳೂ ಹೋದವು, ಪಟ್ಟೆಯ ಅಂಚು ಮಾತ್ರ ಇನ್ನೂ ಚೂಪಾಯಿತು.

ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಪಟ್ಟೆಗಳು ಬೆಳಕಿನ ಆಕಾರಕ್ಕೆ ತಕ್ಕಂತೆ ಕಮಾನಾಗಿ ಬಾಗಿದ್ದರೆ ಅವು ಇದೇ ಮೆಟ್ಟಿಲಿನ ಪಟ್ಟೆಗಳು. ಚಿತ್ರದ ಅಂಚಿಗೆ ಸಮಾನಾಂತರವಾಗಿ ನೇರ ಗೆರೆಗಳಿದ್ದರೆ ಅದು ಸೆನ್ಸರ್‌ನದ್ದು, ಅದಕ್ಕೆ ಔಷಧ ಬೇರೆ. ನಿಮ್ಮದು ಬೆಳಕಿನ ಸುತ್ತ ಇದೆ, ಹಾಗಾಗಿ ಮೊದಲನೆಯದೇ.

ಇನ್ನು ಕಿತ್ತಳೆ ಬಣ್ಣ. ಇದನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಮಾಡಲು ಹೋದರೆ ಕೆಳಗೆ ಸರಿಯಾಗಿ ಮೇಲೆ ನೀಲಿಯಾಗುತ್ತದೆ. ಆರೆಂಜ್ ಸ್ಲೈಡರ್ ಇಳಿಸಿದರೆ ವೃಶ್ಚಿಕದ ಜ್ಯೇಷ್ಠಾ ನಕ್ಷತ್ರದ ನಿಜವಾದ ಕೆಂಬಣ್ಣವೂ ಬಿಳಿಚಿಕೊಳ್ಳುತ್ತದೆ. ಊರಿನ ಬೆಳಕು ಆಕಾಶದ ಬೆಳಕಿನ ಮೇಲೆ ಬಂದು ಕೂಡಿಕೊಂಡಿರುವಂಥದ್ದು. ಕೂಡಿದ್ದನ್ನು ಕಳೆಯಬೇಕು. ಎಲ್ಲೆಲ್ಲಿ ಎಷ್ಟು ಕೂಡಿದೆಯೋ ಅಲ್ಲಲ್ಲಿ ಅಷ್ಟನ್ನೇ ಕಳೆಯಬೇಕು.

ಫೋಟೋಶಾಪ್‌ನಲ್ಲಿ ಹೀಗೆ ಮಾಡಿ. ರಾ ಫೈಲನ್ನು ತೆರೆದು ಲೆನ್ಸ್ ಕರೆಕ್ಷನ್ ಮಾತ್ರ ಹಾಕಿ. ಕಾಂಟ್ರಾಸ್ಟ್, ಕ್ಲಾರಿಟಿ, ಡೀಹೇಜ್, ನಾಯ್ಸ್ ರಿಡಕ್ಷನ್ ಯಾವುದೂ ಬೇಡ. 16 ಬಿಟ್‌ನಲ್ಲೇ ಮುಂದುವರಿಯಿರಿ. ಲೇಯರ್ ನಕಲು ಮಾಡಿ, ಹೆಸರು «ಬೆಳಕು» ಅಂತಿಡಿ. ಈ ಲೇಯರಿನಲ್ಲಿ ಉಳಿಯಬೇಕಾದದ್ದು ಊರಿನ ಬೆಳಕು ಮಾತ್ರ, ನಕ್ಷತ್ರ ಒಂದೂ ಇರಬಾರದು.

ಬೆಟ್ಟದ ಕಪ್ಪು ಭಾಗವನ್ನು ಆಯ್ದು, ಅದರ ಅಂಚಿಗೆ ತಾಗಿದ ಆಕಾಶದ ಬಣ್ಣವನ್ನೇ ತುಂಬಿ. ಇದನ್ನು ಬಿಟ್ಟರೆ ಮುಂದೆ ಮಸುಕು ಮಾಡುವಾಗ ಬೆಟ್ಟದ ಕಪ್ಪು ಆಕಾಶಕ್ಕೆ ಸೋರುತ್ತದೆ. ಕೊನೆಗೆ ಬೆಟ್ಟದ ಅಂಚಿನುದ್ದಕ್ಕೂ ಕಿತ್ತಳೆ ಗೆರೆ ಉಳಿದುಬಿಡುತ್ತದೆ. ಆಮೇಲೆ `Filter > Noise > Dust & Scratches`, ರೇಡಿಯಸ್ ನಿಮ್ಮ ಅತಿ ದೊಡ್ಡ ನಕ್ಷತ್ರವೂ ಅಳಿಯುವಷ್ಟು. 20ರಿಂದ ಶುರು ಮಾಡಿ, ಸಾಲದಿದ್ದರೆ ಏರಿಸಿ. ನಂತರ `Gaussian Blur`, 6,000 ಪಿಕ್ಸೆಲ್ ಅಗಲದ ಚಿತ್ರಕ್ಕೆ 150ರ ಆಸುಪಾಸು.

ಇಲ್ಲಿ ಒಂದು ನಿಮಿಷ ನಿಲ್ಲಿ. ಈ ಲೇಯರನ್ನು ಮಾತ್ರ ತೆರೆದಿಟ್ಟು ನೋಡಿ. ಅದರಲ್ಲಿ ಆಕಾಶಗಂಗೆಯ ಮಸುಕು ಪಟ್ಟಿ ಕಾಣುತ್ತಿದೆಯಾ? ಕಂಡರೆ ಅದನ್ನೂ ನೀವು ಕಳೆದುಬಿಡುತ್ತೀರಿ, ಉಳಿಯುವುದು ಕಪ್ಪು ಧೂಳಿನ ಎಳೆಗಳು ಮಾತ್ರ. ಬಹಳ ಜನ ಎಡವುವುದು ಇಲ್ಲೇ. ಪಟ್ಟಿಯ ಎಡಬಲದ ಬಣ್ಣ ಎತ್ತಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ಅದರ ಮೇಲೆ ಬಳಿದು, ಮತ್ತೊಮ್ಮೆ ಬ್ಲರ್ ಕೊಡಿ. ಏರಿಳಿತ ನುಣ್ಣಗೆ ದಿಗಂತದ ಕಡೆ ಮಾತ್ರ ಹೋಗುವಂತೆ ಆಗಬೇಕು.

ಈಗ «ಬೆಳಕು» ಲೇಯರನ್ನು ಮರೆಮಾಡಿ, ಮೂಲ ಚಿತ್ರದ ಇನ್ನೊಂದು ನಕಲನ್ನು ಆಯ್ದು `Image > Apply Image` ತೆರೆಯಿರಿ. `Layer` ಜಾಗದಲ್ಲಿ ಬೆಳಕು, `Blending` ಜಾಗದಲ್ಲಿ `Subtract`, `Scale` 1, `Offset` 25. ಈ 25 ಮುಖ್ಯ. ಪೂರ್ತಿ ಕಳೆದರೆ ಆಕಾಶ ಸೊನ್ನೆಗೆ ಬಿದ್ದು, ಮಂಕು ನಕ್ಷತ್ರಗಳೂ ಅದರ ಜೊತೆ ಕೊಚ್ಚಿಹೋಗುತ್ತವೆ. ಜಿಂಪ್ ಬಳಸುವವರಿಗೆ ಈ ಸೌಲಭ್ಯ ನೇರವಾಗಿ ಇಲ್ಲ. ಅವರು ಮೊದಲು 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ಗೆ ಬದಲಿಸಿಕೊಂಡು, ಚಿತ್ರದ ಮೇಲೆ ಗಾಢ ಬೂದು ಲೇಯರೊಂದನ್ನು `Addition` ಮೋಡ್‌ನಲ್ಲಿ ಇಟ್ಟು, ಅದರ ಮೇಲೆ ಬೆಳಕಿನ ಲೇಯರನ್ನು `Subtract` ಮೋಡ್‌ನಲ್ಲಿ ಇಡಬೇಕು.

ಲೆಕ್ಕ ಹಾಕಿ ನೋಡೋಣ. ದಿಗಂತದ ಹತ್ತಿರ ಆಕಾಶದ ಕೆಂಪು, ಹಸಿರು, ನೀಲಿ ಮಟ್ಟ 90, 60, 45. ಕಳೆದು 25 ಕೂಡಿದರೆ ಮೂರೂ 25, ಅಂದರೆ ಬಣ್ಣವಿಲ್ಲದ ಗಾಢ ಬೂದು. ಅಲ್ಲೇ ಇರುವ ಒಂದು ಬಿಳಿ ನಕ್ಷತ್ರ ಊರ ಬೆಳಕು ಸೇರಿ 190, 160, 145 ಆಗಿ ಕಿತ್ತಳೆಯಾಗಿ ಕಾಣುತ್ತಿತ್ತು. ಅದೀಗ ಮೂರರಲ್ಲೂ 125, ಮತ್ತೆ ಬಿಳಿ. ಜ್ಯೇಷ್ಠಾ 230, 150, 110 ಇದ್ದರೆ 165, 115, 90 ಆಗುತ್ತದೆ, ಅದರ ಕೆಂಬಣ್ಣ ಹಾಗೇ ಇದೆ. ಎಲ್ಲ ನಕ್ಷತ್ರವೂ ಸ್ವಲ್ಪ ಮಂಕಾಯಿತು ನಿಜ. ಆದರೆ ಸುತ್ತಲಿನ ಆಕಾಶವೂ ಅಷ್ಟೇ ಇಳಿದಿದೆ, ಹಾಗಾಗಿ ಈಗ ಕರ್ವ್ಸ್ ಎಳೆದರೆ ನಕ್ಷತ್ರ ಮೇಲೆ ಬರುತ್ತದೆ, ಕಿತ್ತಳೆ ಬರುವುದಿಲ್ಲ. ಬೆಟ್ಟವನ್ನು ಮೂಲ ಚಿತ್ರದಿಂದ ಮಾಸ್ಕ್ ಹಾಕಿ ವಾಪಸ್ ತನ್ನಿ.

ನಾಯ್ಸ್ ರಿಡಕ್ಷನ್ ಬೇಕಿದ್ದರೆ ಎಲ್ಲ ಮುಗಿದ ಮೇಲೆ, ಬಣ್ಣದ ನಾಯ್ಸ್‌ಗೆ ಮಾತ್ರ. ಕಪ್ಪು-ಬಿಳುಪಿನ ಕಾಳು ಹಾಗೇ ಇರಲಿ, ಪಟ್ಟೆ ಮತ್ತೆ ಮೂಡದಂತೆ ತಡೆಯುವುದು ಅದೇ.

ಈ ವಿಧಾನಕ್ಕೂ ಮಿತಿ ಇದೆ. ದಿಗಂತದಲ್ಲಿ ಕೆಂಪು ಚಾನೆಲ್ 255ಕ್ಕೆ ಮುಟ್ಟಿದ್ದರೆ ಅಲ್ಲಿ ಕಳೆಯಲು ಏನೂ ಉಳಿದಿಲ್ಲ, ನಕ್ಷತ್ರ ಸಿಗುವುದಿಲ್ಲ. ಬೆಳಕನ್ನು ಕಳೆದರೂ ಅದು ತಂದ ನಾಯ್ಸ್ ಉಳಿಯುತ್ತದೆ, ಅದಕ್ಕೇ ಕೆಳಗಿನ ಭಾಗ ಮೇಲಿನದಕ್ಕಿಂತ ಜಾಸ್ತಿ ಒರಟಾಗಿ ಕಾಣುತ್ತದೆ. ಮುಂದಿನ ಸಲ ಒಂದೇ ಫ್ರೇಮಿನ 16 ಚಿತ್ರ ತೆಗೆದು, ನಕ್ಷತ್ರಗಳನ್ನು ಹೊಂದಿಸಿ ಸರಾಸರಿ ಮಾಡಿ. ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೋಡಿಯಂ ದೀಪದ ಹಳದಿಯನ್ನು ತಡೆಯುವ ಫಿಲ್ಟರಿಗೆ ಸುಮ್ನೆ ದುಡ್ಡು ಹಾಕಬೇಡಿ. ಬೀದಿಗಳಲ್ಲಿ ಎಲ್‌ಇಡಿ ಬಂದ ಮೇಲೆ ಬೆಳಕು ಎಲ್ಲ ಬಣ್ಣದಲ್ಲೂ ಹರಡಿರುತ್ತದೆ, ಆ ಫಿಲ್ಟರ್ ತಡೆಯುವುದು ಅದರ ಒಂದು ತುಂಡನ್ನಷ್ಟೇ. ನಿಂತ ಜಾಗವೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ದಕ್ಷಿಣಕ್ಕೆ, ಆಕಾಶಗಂಗೆಯ ನಡುಭಾಗ ಇರುವುದೂ ದಕ್ಷಿಣಕ್ಕೇ. ಕನಕಪುರ ದಾಟಿ ನಿಂತರೆ ಊರ ಬೆಳಕು ಬೆನ್ನ ಹಿಂದೆ ಹೋಗುತ್ತದೆ.

ಎಲ್ಲ ಮುಗಿಸಿ 8 ಬಿಟ್ ಜೆಪಿಇಜಿ ಮಾಡುವ ಮುಂಚೆ `Add Noise` ಒಂದು ಚೂರು ಹಾಕಿ, ಗುಣಮಟ್ಟ ಜಾಸ್ತಿ ಇಟ್ಟು ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಫೈಲನ್ನು ಕುಗ್ಗಿಸುವಾಗ ಪಟ್ಟೆಗಳು ವಾಪಸ್ ಬರುತ್ತವೆ.